ಪಿಪಿಎಫ್‌ಗೆ ಹಾಕಿದ ಹತ್ತು ಸಾವಿರಕ್ಕೆ ಟ್ಯಾಕ್ಸ್ ಎಷ್ಟು ಇಳಿಯುತ್ತದೆ?

"ಸರ್, ಪಿಪಿಎಫ್‌ಗೆ ಹತ್ತು ಸಾವಿರ ಕಟ್ಟಿದ್ರೆ ಟ್ಯಾಕ್ಸ್‌ನಲ್ಲೂ ಹತ್ತು ಸಾವಿರ ಕಮ್ಮಿ ಆಗಲ್ವಾ? ಡಿಡಕ್ಷನ್ ಬೇರೆ, ಕ್ರೆಡಿಟ್ ಬೇರೆ ಅಂತಾರಲ್ಲ, ಏನದು?"

ಆಗಲ್ಲ. ಡಿಡಕ್ಷನ್ ಕಳೆಯುವುದು ಆದಾಯದಲ್ಲಿ. ಕ್ರೆಡಿಟ್ ಕಳೆಯುವುದು ನೇರ ತೆರಿಗೆಯಲ್ಲೇ.

ತುಮಕೂರಿನ ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿ ಒಬ್ಬರಿಗೆ ವರ್ಷಕ್ಕೆ 6,60,000 ರೂಪಾಯಿ ಸಂಬಳ ಎಂದುಕೊಳ್ಳಿ. 2024-25ರ ಲೆಕ್ಕ, ಹಳೆ ಪದ್ಧತಿ. ಲೆಕ್ಕ ಸುಲಭವಾಗಲಿ ಎಂದು ವೃತ್ತಿ ತೆರಿಗೆ ಬಿಟ್ಟಿದ್ದೇನೆ. ಸ್ಟ್ಯಾಂಡರ್ಡ್ ಡಿಡಕ್ಷನ್ 50,000 ಕಳೆದರೆ ಉಳಿಯುವುದು 6,10,000. ಮೊದಲ ಎರಡೂವರೆ ಲಕ್ಷಕ್ಕೆ ತೆರಿಗೆ ಇಲ್ಲ. ಅಲ್ಲಿಂದ ಐದು ಲಕ್ಷದವರೆಗೆ ಶೇ 5ರಂತೆ 12,500. ಮೇಲಿನ 1,10,000ಕ್ಕೆ ಶೇ 20ರಂತೆ 22,000. ಒಟ್ಟು 34,500. ಇದರ ಮೇಲೆ ಶೇ 4 ಸೆಸ್ ಸೇರಿ 35,880.

ಈಗ ಇವರು ಪಿಪಿಎಫ್‌ಗೆ 10,000 ಹಾಕಿದರು. 80ಸಿ ಅಡಿಯಲ್ಲಿ ಆದಾಯ 6,00,000ಕ್ಕೆ ಇಳಿಯಿತು. ಆ ಹತ್ತು ಸಾವಿರದ ಶೇ 20, ಅಂದರೆ 2,000, ಜೊತೆಗೆ ಅದರ ಸೆಸ್ 80 ಉಳಿಯಿತು. ಅಷ್ಟೇ. ಅದೇ ಹತ್ತು ಸಾವಿರ ಕ್ರೆಡಿಟ್ ಆಗಿದ್ದರೆ 34,500ರಿಂದಲೇ ಕಳೆದು, ಸೆಸ್ ಸೇರಿ 10,400 ಉಳಿಯುತ್ತಿತ್ತು.

ನಮ್ಮಲ್ಲಿ ಹೀಗೆ ತೆರಿಗೆಯಲ್ಲೇ ಕಳೆಯುವುದು 87ಎ ರಿಬೇಟ್. ಹಳೆ ಪದ್ಧತಿಯಲ್ಲಿ ಆದಾಯ ಐದು ಲಕ್ಷ ದಾಟದಿದ್ದರೆ ಮಾತ್ರ, 12,500ರವರೆಗೆ. ದಾಟಿದರೆ ಒಂದು ರೂಪಾಯಿಯೂ ಇಲ್ಲ. ಹಾಗಾಗಿ ಐದು ಲಕ್ಷದ ಗೆರೆಯ ಹತ್ತಿರ ಲೆಕ್ಕ ಪೂರ್ತಿ ಬದಲಾಗುತ್ತದೆ. ಇವರು 80ಸಿಯಲ್ಲಿ 1,00,000 ಹಾಕಿ ನಿಲ್ಲಿಸಿದರೆ ಆದಾಯ 5,10,000, ತೆರಿಗೆ ಸೆಸ್ ಸೇರಿ 15,080. ಇನ್ನೂ 10,000 ಹಾಕಿದರೆ ಆದಾಯ ಸರಿಯಾಗಿ ಐದು ಲಕ್ಷ. ಬರುವ 12,500 ತೆರಿಗೆಯನ್ನು ರಿಬೇಟ್ ಅಳಿಸಿಬಿಡುತ್ತದೆ, ಕಟ್ಟಬೇಕಾದ್ದು ಸೊನ್ನೆ. ಮೊದಲ ಹತ್ತು ಸಾವಿರಕ್ಕೆ ಉಳಿದದ್ದು 2,080, ಕೊನೆಯ ಹತ್ತು ಸಾವಿರಕ್ಕೆ 15,080!

ಇಲ್ಲೊಂದು ಮಾತು. ರಿಬೇಟ್ ತೆರಿಗೆಯನ್ನು ಸೊನ್ನೆ ಮಾಡಬಹುದು, ಕೈಗೆ ದುಡ್ಡು ಕೊಡುವುದಿಲ್ಲ. ರೀಫಂಡ್ ಬರುವುದು ಟಿಡಿಎಸ್ ಜಾಸ್ತಿ ಹಿಡಿದಿದ್ದಾಗ. ಅದು ನೀವು ಮೊದಲೇ ಕಟ್ಟಿದ ನಿಮ್ಮದೇ ಹಣ.

ಆದರೆ ತೆರಿಗೆ ಉಳಿಸಲೆಂದೇ ಮಾರ್ಚ್‌ನಲ್ಲಿ ಸಾಲ ಮಾಡಿ 80ಸಿಗೆ ಹಣ ಹೊಂದಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಇದೇ ಸಂಬಳವನ್ನು ಅದೇ ವರ್ಷದ ಹೊಸ ಪದ್ಧತಿಯಲ್ಲಿ ಹಾಕಿ ನೋಡಿ. ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಹೋಗಿ ಆದಾಯ 5,85,000. ಮೂರು ಲಕ್ಷದ ಮೇಲಿನದಕ್ಕೆ ಶೇ 5ರಂತೆ ತೆರಿಗೆ 14,250. ಅಲ್ಲಿ ಏಳು ಲಕ್ಷದವರೆಗೂ ರಿಬೇಟ್ ಇದ್ದದ್ದರಿಂದ ಅದೂ ಸೊನ್ನೆಯೇ, ಪಿಪಿಎಫ್‌ಗೆ ಒಂದು ಪೈಸೆ ಹಾಕದೆ.