870ರಿಂದಲೋ, 900ರಿಂದಲೋ

ಬಿ.ಕಾಂ. ಐದನೇ ಸೆಮಿಸ್ಟರಿನ ರಿಸಲ್ಟ್ ಬಂದಾಗ ನಾನು ಮಹಾಲಿಂಗಪುರದ ಬಸ್ ಸ್ಟ್ಯಾಂಡಿನಲ್ಲಿ ಮುಧೋಳದ ಬಸ್ಸಿಗೆ ಕಾಯುತ್ತಿದ್ದೆ. ಫೋನಿನಲ್ಲಿ ಪುಟ ತೆರೆದುಕೊಳ್ಳಲಿಕ್ಕೇ ಹತ್ತು ನಿಮಿಷ ಹಿಡಿಯಿತು. ಉಳಿದ ವಿಷಯಗಳೆಲ್ಲ ಸರಿ ಇದ್ದವು. ಮಾಲು ತಯಾರಿಸುವ ವೆಚ್ಚದ ಲೆಕ್ಕ ಕಲಿಸುವ ಕಾಸ್ಟಿಂಗ್ ಮುಂದೆ ಮಾತ್ರ 80ಕ್ಕೆ 24. ಪಾಸಿಗೆ 28 ಬೇಕಿತ್ತು.

ಕಾಸ್ಟಿಂಗ್‌ನಲ್ಲಿ ನಾನೇನು ಹುಲಿಯಲ್ಲ. ಥಿಯರಿ ಪ್ರಶ್ನೆಗಳಿಗೆ ಬಾಯಿಗೆ ಬಂದದ್ದು ಬರೆದಿದ್ದೆ. ಕಾಂಟ್ರ್ಯಾಕ್ಟ್ ಅಕೌಂಟಿನ ಲೆಕ್ಕ ಅರ್ಧಕ್ಕೇ ನಿಂತಿತ್ತು. ಆದರೆ ಹಂತ ಹಂತವಾಗಿ ತಯಾರಾಗುವ ಮಾಲಿಗೆ ವೆಚ್ಚ ಹಾಕುವ ಪ್ರೋಸೆಸ್ ಕಾಸ್ಟಿಂಗ್‌ನ 15 ಅಂಕದ ಲೆಕ್ಕ ಮಾತ್ರ ನನಗೆ ಗಟ್ಟಿಯಾಗಿ ಗೊತ್ತಿತ್ತು. ಪರೀಕ್ಷೆ ಮುಗಿಸಿ ಹೊರಗೆ ಬಂದಾಗ ಅದರ ಮೇಲೆಯೇ ಪಾಸಾಗುತ್ತೇನೆ ಅಂದುಕೊಂಡಿದ್ದೆ.

ಕಾಲೇಜಿಗೆ ಹೋದ ಕೂಡಲೇ ರೀವ್ಯಾಲ್ಯುಯೇಷನ್‌ಗೆ ಹಾಕುತ್ತೇನೆ ಅಂದೆ. ನಮಗೆ ಕಾಸ್ಟಿಂಗ್ ಕಲಿಸಿದ ಸರ್ ತಲೆ ಅಲ್ಲಾಡಿಸಿದರು. "ಮೊದಲ ಫೋಟೋಕಾಪಿ ತರಸು. ಪೇಪರ ನೋಡದ ರೊಕ್ಕ ಕಟ್ಟಬ್ಯಾಡ" ಅಂದರು. ಅರ್ಜಿ ಹಾಕಲು ಕೊನೆಯ ದಿನಾಂಕ ಇರುತ್ತದೆ. ಅದು ದಾಟಿದರೆ ಯಾರ ಕೈಯಲ್ಲೂ ಏನೂ ಇರುವುದಿಲ್ಲ. ಅವತ್ತೇ ಫೋಟೋಕಾಪಿಯ ಫೀ ಕಟ್ಟಿದೆ.

ಉತ್ತರ ಪತ್ರಿಕೆಯ ನಕಲು ಬಂದಾಗ ಮೊದಲು ಮಾಡಿದ ಕೆಲಸ ಅಂಕ ಕೂಡಿಸುವುದು. ಒಳಗಿನ ಪುಟಗಳ ಅಂಕ ಒಂದೊಂದಾಗಿ ಬರೆದು ಮುಖಪುಟದ ಪಟ್ಟಿಗೆ ತಾಳೆ ನೋಡಿದೆ. 24 ಸರಿಯಾಗಿಯೇ ಇತ್ತು. ನೋಡದೆ ಬಿಟ್ಟ ಉತ್ತರ ಯಾವುದೂ ಇರಲಿಲ್ಲ. ಅಂದರೆ ನನಗೆ ರೀಟೋಟಲಿಂಗ್‌ನಿಂದ ಏನೂ ಸಿಗುವುದಿಲ್ಲ. ಅದರಲ್ಲಿ ಬರೀ ಕೂಡಿಕೆ ನೋಡುತ್ತಾರೆ, ಯಾವುದಾದರೂ ಅಂಕ ಮೇಲೆ ಹತ್ತದೆ ಉಳಿದಿದೆಯಾ ಅಂತ ನೋಡುತ್ತಾರೆ, ಅಷ್ಟೇ. ಕೊಟ್ಟ ಅಂಕವೇ ತಪ್ಪು ಅನ್ನುವುದಾದರೆ ಮರುಮೌಲ್ಯಮಾಪನವೇ ಬೇಕು. ನನ್ನ ಗೆಳತಿಯೊಬ್ಬಳು ಫೀ ಕಡಿಮೆ ಅಂತ ಬೇರೆ ಪೇಪರಿಗೆ ರೀಟೋಟಲಿಂಗ್ ಹಾಕಿ, "ಬದಲಾವಣೆ ಇಲ್ಲ" ಅನ್ನಿಸಿಕೊಂಡಳು.

ಪ್ರೋಸೆಸ್ ಲೆಕ್ಕ 17ನೇ ಪುಟದಲ್ಲಿತ್ತು. ಅಲ್ಲಿ ಕೆಂಪು ಶಾಯಿಯಲ್ಲಿ "÷870?" ಅಂತ ಬರೆದಿತ್ತು. ಪಕ್ಕದಲ್ಲಿ ನನ್ನ 35ರ ಸುತ್ತ ಒಂದು ವೃತ್ತ. ಮುಂದಿನ ಪುಟದ ಎರಡನೇ ಪ್ರೋಸೆಸ್ ಮೇಲೆ ಪೂರ್ತಿ ಒಂದು ಓರೆ ಗೆರೆ. 15ಕ್ಕೆ 4.

ಲೆಕ್ಕ ಹೀಗಿತ್ತು. ಮೊದಲ ಪ್ರೋಸೆಸ್‌ಗೆ 1,000 ಕೆಜಿ ಸಾಮಗ್ರಿ ಹಾಕಿದ್ದಾರೆ, ಕೆಜಿಗೆ 20 ರೂಪಾಯಿಯಂತೆ 20,000. ಕೂಲಿ 8,000, ಇತರೆ ಖರ್ಚು 4,000. ಒಟ್ಟು 32,000. ನಾರ್ಮಲ್ ಲಾಸ್ ಶೇಕಡಾ 10, ಹಾಳಾದ ಮಾಲು ಕೆಜಿಗೆ 5 ರೂಪಾಯಿಯಂತೆ ಮಾರಾಟವಾಗುತ್ತದೆ. ನಿಜವಾಗಿ ಹೊರಗೆ ಬಂದದ್ದು 870 ಕೆಜಿ.

1,000 ಕೆಜಿಯಲ್ಲಿ 100 ಕೆಜಿ ಹೋಗುವುದು ಮೊದಲೇ ಗೊತ್ತಿರುವ ನಷ್ಟ. ಅದರಿಂದ ಬರುವ 500 ರೂಪಾಯಿ ಕಳೆದರೆ 31,500 ಉಳಿಯುತ್ತದೆ. ಈ ಖರ್ಚನ್ನು ಹಂಚಬೇಕಾದ್ದು ಬರಬೇಕಾಗಿದ್ದ 900 ಕೆಜಿಗೆ. ಕೆಜಿಗೆ 35 ರೂಪಾಯಿ. ಬಂದದ್ದು 870 ಆದ್ದರಿಂದ ಉಳಿದ 30 ಕೆಜಿ ಅಬ್‌ನಾರ್ಮಲ್ ಲಾಸ್. ಅದಕ್ಕೂ ಒಳ್ಳೆಯ ಮಾಲಿನ ದರವೇ, 30 ಗುಣಿಸು 35, ಅಂದರೆ 1,050. ಮುಂದಿನ ಪ್ರೋಸೆಸ್‌ಗೆ ಹೋಗುವುದು 30,450. ನಾನು ಬರೆದದ್ದೂ ಇದನ್ನೇ.

ಮೌಲ್ಯಮಾಪಕರು 31,500ನ್ನು 870ರಿಂದ ಭಾಗಿಸಿ ಅಂದಿದ್ದರು. ಆಗ ಕೆಜಿಗೆ ಸುಮಾರು 36.20 ಆಗುತ್ತದೆ. ನಾರ್ಮಲ್ ಲಾಸ್ ಮಾತ್ರ ಇರುವ ಲೆಕ್ಕದಲ್ಲಿ ಹಾಗೆ ಭಾಗಿಸಿದರೂ ಉತ್ತರ ಸರಿ ಬರುತ್ತದೆ, ಏಕೆಂದರೆ ಅಲ್ಲಿ ಬರಬೇಕಾದದ್ದೂ ಬಂದದ್ದೂ ಒಂದೇ. ಕಟ್ಟುಗಟ್ಟಲೆ ಪೇಪರ್ ನೋಡುವಾಗ ಕೈ ಅದೇ ರೂಢಿಗೆ ಹೋಗಿರಬೇಕು.

ಆ ರಾತ್ರಿ ಅಪ್ಪ ಗಾಣದಿಂದ ಬಂದು ಊಟಕ್ಕೆ ಕುಳಿತಾಗ ಏನಾಗಿದೆ ಅಂತ ಕೇಳಿದರು. ನಮ್ಮದು ಬೆಲ್ಲ ಮಾಡುವ ಮನೆ. ನಾನು ಪ್ರೋಸೆಸ್, ಲಾಸ್ ಅಂತ ಏನೋ ಹೇಳುತ್ತಾ ಹೋದೆ. ಅಪ್ಪ ತುತ್ತು ಕೈಯಲ್ಲೇ ಹಿಡಿದು ಕೇಳಿಸಿಕೊಂಡರು. ಆಮೇಲೆ ಹೇಳಿದರು: "ಕುದ್ದು ಆವಿಯಾಗಿ ಹೋದ ನೀರಿಗೆ ಯಾರೂ ಅಳೂದಿಲ್ಲವ್ವಾ. ಅದು ಹೋಗೂದ. ಅದರ ಖರ್ಚು ಬೆಲ್ಲದ ಮ್ಯಾಲ ಬೀಳತೈತಿ. ಆದ್ರ ಪಾಕ ಆದಮ್ಯಾಲ ಕೊಪ್ಪರಿಗಿಯಿಂದ ಚೆಲ್ಲಿದ್ರ? ಅದು ಬೆಲ್ಲದ ರೇಟಿನ್ಯಾಗ ಹೋದಂಗ."

ನಾರ್ಮಲ್ ಮತ್ತು ಅಬ್‌ನಾರ್ಮಲ್ ಲಾಸಿನ ವ್ಯತ್ಯಾಸವನ್ನು ನಮ್ಮ ಪಠ್ಯಪುಸ್ತಕ ಮೂರು ಪುಟದಲ್ಲಿ ಹೇಳಿತ್ತು.

ಮಾರನೇ ದಿನ ಮರುಮೌಲ್ಯಮಾಪನ ಕೋರಿ ವಿಶ್ವವಿದ್ಯಾಲಯಕ್ಕೆ ಪತ್ರ ಬರೆದುಕೊಂಡು ಸ್ಟಾಫ್ ರೂಮಿಗೆ ಹೋದೆ. ಎರಡು ಪುಟ ಇತ್ತು. ಹಗಲು ರಾತ್ರಿ ಓದಿದ್ದು, ನಾವು ರೈತರು, ಒಂದು ವರ್ಷ ಹಾಳಾಗುತ್ತದೆ, ದಯವಿಟ್ಟು ಕರುಣೆ ತೋರಿ, ಎಲ್ಲವೂ ಅದರಲ್ಲಿತ್ತು. ಸರ್ ಪೆನ್ನು ತೆಗೆದು ಮೊದಲ ಪುಟಕ್ಕೆ ಅಡ್ಡ ಗೆರೆ ಎಳೆದರು. ಥೇಟ್ ಆ ಮೌಲ್ಯಮಾಪಕರ ಹಾಗೆ!

"ಇದು ಪತ್ರ ಅಲ್ಲವ್ವಾ, ಗೋಳು. ಪುಟ ಯಾವುದು, ಸಾಲು ಯಾವುದು, ತಪ್ಪು ಏನು, ಅದನ್ನ ಬರಿ. ಮತ್ತ ಒಂದು ಹೇಳು. 870ರಿಂದ ಭಾಗಿಸಿದ್ರ ಅಕೌಂಟ್ ತಾಳೆ ಆಗತದೇನು?"

ಅದನ್ನು ನಾನು ಮಾಡಿಯೇ ನೋಡಿರಲಿಲ್ಲ. ಅಲ್ಲೇ ಕುಳಿತು ಮಾಡಿದೆ. ಸುಮಾರು 36.20ರಂತೆ 870 ಕೆಜಿಗೆ 31,500 ಪೂರ್ತಿ ಮುಗಿಯಿತು. ಅಬ್‌ನಾರ್ಮಲ್ ಲಾಸ್ 30 ಕೆಜಿಗೆ ಮತ್ತೆ 1,086. ನಾರ್ಮಲ್ ಲಾಸಿನ 500. ಕ್ರೆಡಿಟ್ ಕಡೆ 33,086 ಆಯಿತು. ಡೆಬಿಟ್ ಕಡೆ ಇರುವುದು 32,000. ಖರ್ಚೇ ಮಾಡದ 1,086 ರೂಪಾಯಿ ಎಲ್ಲಿಂದಲೋ ಬಂದು ಕೂತಿತ್ತು. ನನ್ನ ಲೆಕ್ಕದಲ್ಲಿ 500, 1,050, 30,450 ಕೂಡಿದರೆ ಸರಿಯಾಗಿ 32,000. ಇನ್ನು ವಾದವೇ ಬೇಡ.

ಒಂದು ಅನುಮಾನ ಮಾತ್ರ ಇತ್ತು. ಮಾದರಿ ಉತ್ತರದಲ್ಲೇ 36.20 ಇದ್ದರೆ? ಹಾಗಿದ್ದರೆ ಎರಡನೆಯವರು ನೋಡಿದರೂ ಅದೇ ಅಂಕ ಬರುತ್ತದೆ. ಅದೃಷ್ಟಕ್ಕೆ ನಮ್ಮ ತರಗತಿಯ ಹುಡುಗನೊಬ್ಬ ಕೂಡ ನಕಲು ತರಿಸಿದ್ದ. ಅವನೂ 35ರ ದರವನ್ನೇ ಬರೆದಿದ್ದ, 15ಕ್ಕೆ 14 ಬಂದಿತ್ತು. ಮಾದರಿ ಉತ್ತರ ಸರಿ ಇದೆ, ನನ್ನ ಪೇಪರ್ ನೋಡಿದವರ ಕೈ ತಪ್ಪಿದೆ ಅಂತ ಅದರಿಂದ ಗೊತ್ತಾಯಿತು. ಇದನ್ನೂ ಪತ್ರದಲ್ಲಿ ಹಾಕೋಣ ಅಂದೆ. ಸರ್ ಬೇಡ ಅಂದರು. ಬೇರೆಯವರ ಪೇಪರ್ ಎಳೆದು ತಂದರೆ ಮಾತು ಎಲ್ಲೆಲ್ಲಿಗೋ ಹೋಗುತ್ತದೆ, ಅವನ ಅಂಕಕ್ಕೂ ಕಣ್ಣು ಬೀಳಬಹುದು.

ಇನ್ನೊಂದು ವಿಷಯದಲ್ಲಿ ನನಗೂ ಸರ್‌ಗೂ ಸ್ವಲ್ಪ ಜಗ್ಗಾಟ ಆಯಿತು. ಎರಡನೇ ಪ್ರೋಸೆಸ್‌ನ ಕೊನೆಯಲ್ಲಿ ನಾನೇ ಕೂಡಿಕೆ ತಪ್ಪಿದ್ದೆ. ಅದನ್ನು ಸುಮ್ನೆ ಬಿಟ್ಟುಬಿಡೋಣ ಅಂತ ನಾನು. ಬರೆಯಲೇಬೇಕು ಅಂತ ಅವರು. ಕೊನೆಗೆ ಬರೆದೆ, ಮನಸ್ಸಿಲ್ಲದೆ. ಕಳುಹಿಸಿದ ಪತ್ರ ಇಷ್ಟೇ:

ಇವರಿಗೆ,
ಮಾನ್ಯ ಕುಲಸಚಿವರು (ಮೌಲ್ಯಮಾಪನ)

ಪ್ರಾಂಶುಪಾಲರ ಮುಖಾಂತರ

ವಿಷಯ: ಕಾಸ್ಟಿಂಗ್ ಪತ್ರಿಕೆಯ ಮರುಮೌಲ್ಯಮಾಪನ ಕೋರಿ.

ಮಾನ್ಯರೆ,

ನಾನು ಬಿ.ಕಾಂ. ಐದನೇ ಸೆಮಿಸ್ಟರ್‌ನ ವಿದ್ಯಾರ್ಥಿನಿ. ಕಾಸ್ಟಿಂಗ್ ಪತ್ರಿಕೆಯಲ್ಲಿ ನನಗೆ 24 ಅಂಕ ಬಂದಿದೆ. ಉತ್ತರ ಪತ್ರಿಕೆಯ ನಕಲನ್ನು ನೋಡಿದ್ದೇನೆ. ಅಂಕಗಳ ಕೂಡಿಕೆ ಸರಿಯಾಗಿದೆ.

ಪುಟ 17ರಲ್ಲಿ, ಪ್ರೋಸೆಸ್ ಒಂದರ ಪ್ರತಿ ಕೆಜಿ ವೆಚ್ಚವನ್ನು ನಾನು 31,500 ÷ 900 = 35 ಎಂದು ಬರೆದಿದ್ದೇನೆ. ಇದನ್ನು ತಪ್ಪೆಂದು ಗುರುತಿಸಿ 870ರಿಂದ ಭಾಗಿಸಲು ಸೂಚಿಸಲಾಗಿದೆ. ಈ ಪ್ರಶ್ನೆಯಲ್ಲಿ 30 ಕೆಜಿ ಅಬ್‌ನಾರ್ಮಲ್ ಲಾಸ್ ಇರುವುದರಿಂದ ಭಾಜಕ 900 ಆಗುತ್ತದೆ. 870ರಿಂದ ಭಾಗಿಸಿದರೆ ಕ್ರೆಡಿಟ್ ಕಡೆಯ ಮೊತ್ತ ಡೆಬಿಟ್‌ಗಿಂತ 1,086 ರೂ. ಹೆಚ್ಚಾಗಿ ಖಾತೆ ತಾಳೆಯಾಗುವುದಿಲ್ಲ. ಎರಡೂ ರೀತಿಯ ಲೆಕ್ಕವನ್ನು ಲಗತ್ತಿಸಿದ್ದೇನೆ.

ಇದೇ ಕಾರಣದಿಂದ ಪುಟ 18ರ ಎರಡನೇ ಪ್ರೋಸೆಸ್‌ಗೂ ಅಂಕ ಸಿಕ್ಕಿಲ್ಲ. ಅದರ ಕೊನೆಯ ಸಾಲಿನ ಕೂಡಿಕೆ ನನ್ನದೇ ತಪ್ಪು, ಅದಕ್ಕೆ ಅಂಕ ಕೇಳುತ್ತಿಲ್ಲ. ಉಳಿದ ಹಂತಗಳನ್ನು ಮತ್ತೊಮ್ಮೆ ಪರಿಶೀಲಿಸಬೇಕೆಂದು ವಿನಂತಿ.

ತಮ್ಮ ವಿಶ್ವಾಸಿ

ಕೆಳಗೆ ಸಹಿ, ರಿಜಿಸ್ಟರ್ ನಂಬರ್, ಪತ್ರಿಕೆಯ ಕೋಡ್. ಜೊತೆಗೆ ಅಂಕಪಟ್ಟಿಯ ಪ್ರತಿ, ಫೀ ಕಟ್ಟಿದ ರಸೀದಿ, 17 ಮತ್ತು 18ನೇ ಪುಟಗಳ ಜೆರಾಕ್ಸ್.

ಕಾಲೇಜಿನ ಆಫೀಸಿನಲ್ಲಿ ಗುಮಾಸ್ತರು ಪತ್ರ ತಿರುಗಿಸಿ ನೋಡಿ, "ಆನ್‌ಲೈನ್ ಅರ್ಜಿ ಹಾಕೀದಿ, ಫೀ ಕಟ್ಟೀದಿ. ಮತ್ತ ಈ ಪತ್ರ ಯಾಕವಾ?" ಅಂದರು. ಅವರು ಕೇಳಿದ್ದರಲ್ಲೂ ಅರ್ಥ ಇತ್ತು. ಆ ಅರ್ಜಿಯಲ್ಲಿ ಪತ್ರಿಕೆಯ ಹೆಸರಿಗೆ ಜಾಗ ಇತ್ತು, ಕಾರಣ ಬರೆಯಲು ಇರಲಿಲ್ಲ. ಹೊಸದಾಗಿ ಪೇಪರ್ ನೋಡುವವರ ಕೈಗೆ ನನ್ನ ಪತ್ರ ಹೋಗುತ್ತದೆ ಅನ್ನುವ ಗ್ಯಾರಂಟಿಯೂ ಇಲ್ಲ. ಅವರು ಉತ್ತರ ಪತ್ರಿಕೆ ನೋಡಿ ಅಂಕ ಕೊಡುತ್ತಾರೆ, ಪತ್ರ ನೋಡಿ ಅಲ್ಲ. ಸರ್ ಇದನ್ನು ಮೊದಲೇ ಹೇಳಿದ್ದರು. ಅಂಕ ಬದಲಾಗದಿದ್ದರೆ ಮುಂದೆ ಕೇಳಲು ಒಂದು ಕಾಗದ ಇರಲಿ, ಅದಕ್ಕೆ ಬರಿ ಅಂದಿದ್ದರು. ಪ್ರಾಂಶುಪಾಲರ ಸಹಿ, ಸೀಲು ಬಿದ್ದ ಮೇಲೆ ನನ್ನ ಪ್ರತಿಯ ಮೇಲೆ ತಾರೀಖು ಹಾಕಿ ಸ್ವೀಕೃತಿ ಬರೆಸಿಕೊಂಡೆ.

ಅಷ್ಟರಲ್ಲಿ ಮರುಪರೀಕ್ಷೆಗೆ ಫೀ ಕಟ್ಟುವ ಕೊನೆಯ ದಿನ ಬಂತು. ಮರುಮೌಲ್ಯಮಾಪನದ ಫಲಿತಾಂಶದ ಸುದ್ದಿಯೇ ಇಲ್ಲ. ಕಟ್ಟದೆ ಇದ್ದು, ಆಮೇಲೆ ಅಂಕ ಏರದೆ ಹೋದರೆ ಆರು ತಿಂಗಳು ಕಾಯಬೇಕು. ಹಲ್ಲು ಕಚ್ಚಿ ಅದನ್ನೂ ಕಟ್ಟಿದೆ. ಕಾಂಟ್ರ್ಯಾಕ್ಟ್ ಅಕೌಂಟ್ ಮತ್ತೆ ಓದತೊಡಗಿದೆ.

ಮರುಪರೀಕ್ಷೆಗೆ ಒಂಬತ್ತು ದಿನ ಇರುವಾಗ ಫಲಿತಾಂಶ ಬಂತು. ಪತ್ರಕ್ಕೆ ಉತ್ತರ ಅಂತ ಏನೂ ಬರಲಿಲ್ಲ. ಕಾಸ್ಟಿಂಗ್ ಮುಂದೆ 24 ಇದ್ದ ಜಾಗದಲ್ಲಿ 32 ಇತ್ತು, ಅಷ್ಟೇ. ಎಂಟು ಅಂಕ ಹೆಚ್ಚಿಗೆ. ಅವು ಪ್ರೋಸೆಸ್ ಲೆಕ್ಕದಲ್ಲೇ ಸೇರಿರಬೇಕು, ಅಂದರೆ 15ಕ್ಕೆ 12. ಉಳಿದ ಮೂರು ನನ್ನ ಕೂಡಿಕೆಗೆ ಹೋಗಿರಬಹುದು.

ಗಾಣಕ್ಕೆ ಹೋಗಿ ಅಪ್ಪನಿಗೆ ಹೇಳಿದೆ. ಕೊಪ್ಪರಿಗೆಯ ಪಕ್ಕ ನಿಂತು ಪಾಕ ನೋಡುತ್ತಿದ್ದರು. ಖುಷಿಯಾಗಿ ಬಿಸಿ ಬೆಲ್ಲ ಎಲೆಯ ಮೇಲೆ ಹಾಕಿಕೊಟ್ಟರು. ಆಮೇಲೆ ಮರುಪರೀಕ್ಷೆಯ ಫೀ ವಾಪಸ್ ಕೊಡುತ್ತಾರಾ ಅಂತ ಕೇಳಿದರು. ಇಲ್ಲ ಅಂದೆ.

ಅಪ್ಪ ಸೌಟು ಆಡಿಸುತ್ತಲೇ ಕೇಳಿದರು: "ಮತ್ತ ಅದು ಕುದ್ದು ಹೋದದ್ದೋ, ಚೆಲ್ಲಿ ಹೋದದ್ದೋ?"