ಏರುಮಡಿಗೂ ಚಟ್ಟಿಗಳಿಗೂ ಎಷ್ಟು ಲೀಟರ್ ಮಣ್ಣು: ಮಳೆಗೆ ಮೊದಲಿನ ಲೆಕ್ಕ

ಕಾಸರಗೋಡಿನ ನಮ್ಮ ಕಡೆ ಪತ್ತನಾಜೆ ಕಳೆಯಿತೆಂದರೆ ಒಣ ಮಣ್ಣು, ಒಣ ಹಟ್ಟಿಗೊಬ್ಬರ ಎರಡೂ ಕೈಗೆ ಸಿಗುವುದು ಕಷ್ಟ. ಆದ್ದರಿಂದ ಅಂಗಳದ ತರಕಾರಿ ಮಡಿಗೂ ಜಗಲಿಯ ಚಟ್ಟಿಗಳಿಗೂ ಬೇಕಾದ ಮಿಶ್ರಣವನ್ನು ಮೇ ತಿಂಗಳಲ್ಲಿಯೇ ಲೆಕ್ಕ ಹಾಕಿ ತರಿಸಿಕೊಳ್ಳುವುದೆಂದು ತೀರ್ಮಾನಿಸಿದೆ. ಮಡಿಯ ಕಟ್ಟೆ ಮುಗಿದಿದೆ, ಚಟ್ಟಿಗಳು ತುಂಬಿವೆ. ಇದುವರೆಗಿನ ಲೆಕ್ಕವನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಮಡಿಯನ್ನು ಕೆಂಪುಕಲ್ಲಿನಿಂದ ಎರಡು ವರಸೆ ಕಟ್ಟಿಸಿದ್ದೇನೆ. ಮೇಸ್ತ್ರಿ ಎಂಟಡಿ ಉದ್ದ, ನಾಲ್ಕಡಿ ಅಗಲ ಎಂದು ಹೇಳಿದ್ದು ಹೊರಗಿನ ಅಳತೆ. ಟೇಪು ಹಿಡಿದರೆ 240 ಸೆಂ.ಮೀ. ಉದ್ದ, 120 ಸೆಂ.ಮೀ. ಅಗಲ, 40 ಸೆಂ.ಮೀ. ಎತ್ತರ. ಈ ಅಂಕಿಗಳನ್ನೇ ಗುಣಿಸಿ ಸಾವಿರದಿಂದ ಭಾಗಿಸಿದರೆ 1152 ಲೀಟರ್ ಬರುತ್ತದೆ. ಆದರೆ ಹಲಗೆಯ ಪೆಟ್ಟಿಗೆಯಲ್ಲಿ ನಗಣ್ಯವಾಗುವ ಗೋಡೆಯ ದಪ್ಪ ಕೆಂಪುಕಲ್ಲಿನಲ್ಲಿ ಹಾಗೆ ಬಿಡುವಂಥದ್ದಲ್ಲ. ನಮ್ಮ ಕಲ್ಲಿನ ದಪ್ಪ 18 ಸೆಂ.ಮೀ.; ಎರಡೂ ಬದಿಯದು ಸೇರಿ 36 ಸೆಂ.ಮೀ. ಕಳೆದರೆ ಒಳಗೆ ಉಳಿಯುವುದು 204 ಉದ್ದ, 84 ಅಗಲ. ನೀರು ಹೊರಗೆ ಹರಿಯದಂತೆ ಮೇಲೆ 5 ಸೆಂ.ಮೀ. ಖಾಲಿ ಬಿಟ್ಟರೆ ಆಳ 35 ಸೆಂ.ಮೀ. ಆಗ ಲೆಕ್ಕ 600 ಲೀಟರಿಗೆ ಇಳಿಯುತ್ತದೆ, ಅಂದರೆ ಹೊರಗಿನ ಅಳತೆಯ ಲೆಕ್ಕಕ್ಕಿಂತ ಸುಮಾರು ಅರ್ಧ. ಅಡಿಯಲ್ಲಿಯೇ ಅಳೆಯುವವರು ಒಂದು ಘನ ಅಡಿಗೆ 28.3 ಲೀಟರ್ ಎಂದು ಹಿಡಿದರೂ ಇದೇ ಉತ್ತರ ಬರುತ್ತದೆ.

ಮಡಿಯ ತಳಕ್ಕೆ 10 ಸೆಂ.ಮೀ. ದಪ್ಪಕ್ಕೆ ತೆಂಗಿನಕಾಯಿಯ ಸಿಪ್ಪೆ ಹಾಸುವುದು ನಮ್ಮಲ್ಲಿ ರೂಢಿ. ಆ ಪದರದ ಪೂರ್ತಿ 171 ಲೀಟರನ್ನು ಮಣ್ಣಿನ ಲೆಕ್ಕದಿಂದ ಕಳೆಯಬಹುದೆಂದು ಮೇಲ್ನೋಟಕ್ಕೆ ಅನಿಸುತ್ತದೆ, ಆದರೆ ಸಿಪ್ಪೆಗಳ ನಡುವಿನ ಎಡೆಗೆ ಮಣ್ಣು ಇಳಿಯುತ್ತದಲ್ಲ? ಎಷ್ಟು ಇಳಿಯುತ್ತದೆಂದು ತಿಳಿಯಲು 20 ಲೀಟರಿನ ಬಾಲ್ದಿಯೊಂದಕ್ಕೆ ಸಿಪ್ಪೆ ತುಂಬಿ, ಮೇಲಿನಿಂದ ಜರಡಿ ಹಿಡಿದ ಒಣ ಮಿಶ್ರಣವನ್ನು ಸುರಿಯುತ್ತಾ, ಬಾಲ್ದಿಯನ್ನು ಕುಲುಕುತ್ತಾ ಹೋದೆ. ಸಿಪ್ಪೆ ನೀರು ಹೀರುವುದರಿಂದಲೂ ತೇಲುವುದರಿಂದಲೂ ಇದನ್ನು ನೀರಿನಲ್ಲಿ ಅಳೆಯಲು ಬರುವುದಿಲ್ಲ. ಬಾಲ್ದಿಗೆ 8 ಲೀಟರ್ ಮಿಶ್ರಣ ಹಿಡಿಯಿತು, ಎಂದರೆ ಶೇ. 40. ಹಾಗಾಗಿ ಸಿಪ್ಪೆಯ ಪದರಕ್ಕೆ 68 ಲೀಟರ್, ಅದರ ಮೇಲಿನ 25 ಸೆಂ.ಮೀ.ಗೆ 428 ಲೀಟರ್, ಒಟ್ಟು 496 ಲೀಟರ್ ಎಂದು ಬರೆದುಕೊಂಡೆ. ಸಿಪ್ಪೆಯನ್ನು ಹೊಟ್ಟೆ ಮೇಲಾಗಿ ಇಡುವುದೇ ಒಳ್ಳೆಯದು. ಕವುಚಿ ಹಾಕಿದರೆ ಅಡಿಯಲ್ಲಿ ಉಳಿಯುವ ಪೊಳ್ಳು ತುಂಬುವಾಗ ಕಾಣುವುದಿಲ್ಲ, ಮಳೆಗಾಲದಲ್ಲಿ ಮಣ್ಣು ಅಲ್ಲಿಗೆ ಕುಸಿದು ಮಡಿಯ ಮೇಲೆ ಗುಂಡಿ ಬೀಳುತ್ತದೆ.

ಚಟ್ಟಿಗಳು ಕೆಳಗೆ ಕಿರಿದಾಗುತ್ತಾ ಹೋಗುವ ಮಾಮೂಲಿ ಪ್ಲಾಸ್ಟಿಕಿನವು, ಸಂಖ್ಯೆ 12. ಮಣ್ಣು ನಿಲ್ಲುವ ಮಟ್ಟದಲ್ಲಿ ಒಳವ್ಯಾಸ 30 ಸೆಂ.ಮೀ., ತಳದಲ್ಲಿ 20, ಆಳ 24. ಇಂಥ ಆಕಾರಕ್ಕೆ ಸರಿಯಾದ ಸೂತ್ರ ಹೀಗಿದೆ:

```
ಲೀಟರ್ = 0.2618 × h × (D² + D×d + d²) ÷ 1000
```

ಇಲ್ಲಿ D ಮೇಲಿನ ವ್ಯಾಸ, d ತಳದ ವ್ಯಾಸ, h ಆಳ, ಎಲ್ಲವೂ ಸೆಂಟಿಮೀಟರಿನಲ್ಲಿ. ನಮ್ಮ ಚಟ್ಟಿಗೆ ಉತ್ತರ 11.9 ಲೀಟರ್. ಸೂತ್ರ ಬೇಡವೆನ್ನುವವರು ಎರಡು ವ್ಯಾಸಗಳ ಸರಾಸರಿಯಾದ 25ನ್ನು ಹಿಡಿದು, ನೇರವಾದ ಡಬ್ಬಿಯೆಂದೇ ಭಾವಿಸಿ ಲೆಕ್ಕ ಹಾಕಿದರೂ 11.8 ಬರುತ್ತದೆ. ತಳವು ಬಾಯಿಯ ಅರ್ಧದಷ್ಟೇ ಇರುವ ಚಟ್ಟಿಯಲ್ಲಿಯೂ ಈ ಸುಲಭ ದಾರಿಯ ವ್ಯತ್ಯಾಸ ಶೇ. 4ನ್ನು ಮೀರುವುದಿಲ್ಲವಾದ್ದರಿಂದ ನಾನು ಅದನ್ನೇ ಬಳಸುತ್ತೇನೆ. ಬಾಯಿಯ ವ್ಯಾಸವೊಂದನ್ನೇ ಹಿಡಿಯುವುದು ಮಾತ್ರ ಸಲ್ಲದು: ಆಗ ಒಂದು ಚಟ್ಟಿಗೆ 17 ಲೀಟರ್ ಆಗಿ, ಹನ್ನೆರಡಕ್ಕೆ 143ರ ಬದಲು 204 ಲೀಟರ್ ತರಿಸಬೇಕಾಗುತ್ತದೆ.

ಹೊಟ್ಟೆ ಉಬ್ಬಿದ ಎರಡು ಮಣ್ಣಿನ ಮಡಕೆಗಳಿಗೆ ಸೂತ್ರದ ಗೋಜಿಗೇ ಹೋಗಲಿಲ್ಲ. ಒಳಗೆ ಪ್ಲಾಸ್ಟಿಕ್ ಹಾಳೆ ಹಾಸಿ ಲೀಟರಿನ ಪಾತ್ರೆಯಿಂದ ನೀರು ಸುರಿದಾಗ ತಲಾ 14 ಲೀಟರ್ ಹಿಡಿಯಿತು. ಎಲ್ಲ ಸೇರಿ 667 ಲೀಟರ್.

ಇಷ್ಟು ತುಂಬಿದರೆ ಮುಗಿಯಲಿಲ್ಲ, ನೀರು ಬಿದ್ದ ಕೂಡಲೇ ಮಿಶ್ರಣ ಕುಗ್ಗುತ್ತದೆ. ಪ್ರಯೋಗಕ್ಕಾಗಿ ಒಂದು ಚಟ್ಟಿಯನ್ನು ಒತ್ತದೆ ತುಂಬಿ, ತಳದಿಂದ ನೀರು ಜಿನುಗುವವರೆಗೆ ಹನಿಸಿ, ಮರುದಿನ ಮತ್ತೆ ಹನಿಸಿ ನೋಡಿದಾಗ ಮಟ್ಟ 24ರಿಂದ 21 ಸೆಂ.ಮೀ.ಗೆ ಇಳಿದಿತ್ತು. ಎಂಟರಲ್ಲಿ ಒಂದು ಪಾಲು ಎಂದು ತೋರಿದರೂ ಚಟ್ಟಿಯ ಮೇಲ್ಭಾಗ ಅಗಲವಾದ್ದರಿಂದ ಆ 3 ಸೆಂ.ಮೀ.ಯಲ್ಲಿ 2 ಲೀಟರ್ ಇರುತ್ತದೆ. ನಿಜವಾದ ಕುಗ್ಗುವಿಕೆ ಶೇ. 17. ಆದ್ದರಿಂದ 667ನ್ನು 0.83ರಿಂದ ಭಾಗಿಸಿ, ಸುಮಾರು 800 ಲೀಟರ್ ಬೇಕೆಂದು ನಿಗದಿ ಮಾಡಿದೆ. ಕೈಯಿಂದ ಒತ್ತಿ ಒತ್ತಿ ತುಂಬಿ ಕುಗ್ಗುವುದನ್ನು ಮೊದಲೇ ಮುಗಿಸಬಹುದೆನ್ನುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ನಮ್ಮ ಮಳೆಗೆ ಒತ್ತಿದ ಮಣ್ಣಿನಲ್ಲಿ ನೀರು ಇಳಿಯದೆ ಬೇರು ಕೊಳೆಯುತ್ತದೆ.

ಮಿಶ್ರಣದಲ್ಲಿ ಸುಡುಮಣ್ಣು, ಒಣ ಹಟ್ಟಿಗೊಬ್ಬರ, ನೆನೆಸಿದ ತೆಂಗಿನ ನಾರಿನ ಪುಡಿ ಮೂರೂ ಸಮಪಾಲು. ಆದರೆ ಹತ್ತು ಲೀಟರಿನ ಮೂರು ಬಾಲ್ದಿಗಳನ್ನು ಬೆರೆಸಿದರೆ 30 ಲೀಟರ್ ಆಗುವುದಿಲ್ಲ. ಗೊಬ್ಬರದ ಹೆಂಟೆಗಳ ನಡುವಿನ ಜಾಗಕ್ಕೆ ನಯವಾದ ಸುಡುಮಣ್ಣು ಸೇರಿಕೊಂಡು 26 ಲೀಟರ್ ಉಳಿಯಿತು. ಈ ಲೆಕ್ಕದಲ್ಲಿ 800 ಲೀಟರಿಗೆ ಪ್ರತಿಯೊಂದೂ 308 ಲೀಟರ್ ಬೇಕು. ಸುಡುಮಣ್ಣು 31 ಬಾಲ್ದಿ. ಸಿಮೆಂಟಿನ ಖಾಲಿ ಚೀಲ ಸುಮಾರು 35 ಲೀಟರ್ ಹಿಡಿಯುವುದರಿಂದ ಗೊಬ್ಬರ 9 ಚೀಲ. ನಾರಿನ ಪುಡಿಯ 5 ಕಿಲೋದ ಇಟ್ಟಿಗೆಯೊಂದು ನೆನೆದು ಬಿಡಿಬಿಡಿಯಾದಾಗ 65 ಲೀಟರ್ ಆದದ್ದರಿಂದ ಅಂಥವು 5. ಗೊಬ್ಬರವನ್ನು ಕಿಲೋ ಲೆಕ್ಕದಲ್ಲಿ ಕೊಳ್ಳುವುದಕ್ಕಿಂತ ಚೀಲದ ಲೆಕ್ಕದಲ್ಲಿ ಕೊಳ್ಳುವುದು ಮೇಲು, ಏಕೆಂದರೆ ಹಸಿಯಾದ ಗೊಬ್ಬರದಲ್ಲಿ ನೀರಿನ ತೂಕ ಸೇರಿ, ಅದೇ ಕಿಲೋಗೆ ಸಿಗುವ ಲೀಟರ್ ಕಡಿಮೆಯಾಗುತ್ತದೆ.

ಮಡಿಯನ್ನು ಈ ವಾರ ತುಂಬಿಸುತ್ತೇನೆ. ಮೊದಲು 35 ಸೆಂ.ಮೀ. ಗೆರೆಯವರೆಗೆ ಮಾತ್ರ ತುಂಬಿಸಿ, ನೀರು ಹನಿಸಿ ಇಳಿದ ಮೇಲೆ ಉಳಿದದ್ದನ್ನು ಸೇರಿಸುವುದು. ಸುಮಾರು 100 ಲೀಟರ್ ಆಗ ಬೇಕಾಗುತ್ತದೆ, ಅದನ್ನು ಟಾರ್ಪಾಲಿನ ಅಡಿಯಲ್ಲಿ ಬೇರೆಯಾಗಿ ಇಟ್ಟಿದ್ದೇನೆ. ಗೆರೆಯನ್ನು ಒಳಗಿನ ನಾಲ್ಕೂ ಮೂಲೆಯಲ್ಲಿ ಸುಣ್ಣದಿಂದ ಗುರುತಿಸಿದ್ದು, ಹರಿವೆಯ ಬೀಜ ಬಿತ್ತುವುದು ಆ ಎರಡನೆಯ ತುಂಬುವಿಕೆಯ ಬಳಿಕ.