ಮೊಳೆಯಿಲ್ಲದ ವಾಡೆ ನೋಡಲು ಗುಳೇದಗುಡ್ಡದ ಕಡೆ ಹೋಗುವವರಿಗೆ

ಬಾದಾಮಿಯ ಹತ್ತಿರ ‘ಮೊಳೆಯಿಲ್ಲದ ಹಳೆಯ ವಾಡೆಯಲ್ಲಿ ವಾಸ್ತವ್ಯ’ ಎಂಬ, ಮೊಳೆ ಬಡಿಯದೆ ಮರ ಜೋಡಿಸಿ ಕಟ್ಟಿದ ದೊಡ್ಡ ಮನೆಯ ಜಾಹೀರಾತನ್ನು ನಂಬಿ, ಒಂದು ರಾತ್ರಿಗೆ 2,800 ರೂಪಾಯಿ ತೆತ್ತು ಕೋಣೆ ಹಿಡಿದಿದ್ದೆವು. ಪಡಸಾಲೆಯ ಕಂಬವನ್ನು ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು ಬಂದಿತು. ಸಿಮೆಂಟ್ ಕಂಬಕ್ಕೆ ಹಲಗೆ ಹೊದಿಸಿ, ಕೆತ್ತನೆಯ ಎರಡು ತುಂಡುಗಳನ್ನು, ಕಂಬದ ಮೇಲೆ ತೊಲೆಗೆ ಆಸರೆಯಾಗುವ ಬೋದಿಗೆಯಂತೆ, ಎಡಬಲಕ್ಕೆ ಸ್ಕ್ರೂ ಬಿಗಿದು, ಅದರ ಮೇಲೆ ಪುಟ್ಟಿ ಮೆತ್ತಿದ್ದರು. ನಿಜವಾದ ಪಡಸಾಲೆಯಲ್ಲಿ ಬೋದಿಗೆ ಕಂಬದ ಪಕ್ಕಕ್ಕೆ ಅಂಟಿಕೊಂಡಿರುವುದಿಲ್ಲ. ಅದು ಕಂಬದ ನೆತ್ತಿಯ ಮೇಲೆ ಅಡ್ಡಲಾಗಿ ಕುಳಿತ ಒಂದೇ ದಿಮ್ಮಿಯಾಗಿದ್ದು, ಮರದ ಎಳೆ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಕಡಿಯದೆ ಸಾಗಿರುತ್ತದೆ. ಮುಂಗಡ ಕೊಡುವ ಮೊದಲು ಇಷ್ಟನ್ನು ನೋಡಿಕೊಂಡರೆ ಸಾಕು.

ಮರುದಿನ ಕಾಲಿಡಲೂ ಜಾಗವಿಲ್ಲದ ಬಸ್ಸಿನಲ್ಲಿ ನಿಂತುಕೊಂಡೇ ಗುಳೇದಗುಡ್ಡಕ್ಕೆ ಹೋದೆವು. ಮಕ್ಕಳಿದ್ದರೆ ಆ ಬೆಳಗಿನ ಬಸ್ಸು ಬೇಡ. ಅಲ್ಲಿ ಹಳೆಯ ಮನೆಯೊಂದರ ಪಡಸಾಲೆಯಲ್ಲೇ ನಡೆಯುವ ಖಾನಾವಳಿಯಲ್ಲಿ 80 ರೂಪಾಯಿಗೆ ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಮತ್ತು ಕೆನೆಮೊಸರು ಬಡಿಸಿದರು. ನಾವು ಹುಡುಕುತ್ತಿದ್ದ ಕಂಬಕ್ಕೇ ಬೆನ್ನು ಕೊಟ್ಟು ಕುಳಿತು ಉಂಡೆವು.

ಪಕ್ಕದಲ್ಲಿ ಉಣ್ಣುತ್ತಿದ್ದ ಹಿರಿಯ ಬಡಿಗರು ಅದರ ಕಟ್ಟಣೆಯನ್ನು ವಿವರಿಸಿದರು. ಕಂಬದ ತಲೆಯಲ್ಲಿ ಚೌಕಾಕಾರದ ಒಂದು ನಾಲಿಗೆಯನ್ನು ಉಳಿಸಿ ಸುತ್ತಲಿನ ಮರವನ್ನು ಇಳಿಸುತ್ತಾರೆ. ಆ ನಾಲಿಗೆ ಬೋದಿಗೆಯ ತೂತಿನ ಮೂಲಕ ಹಾದು ತೊಲೆಯೊಳಗೆ ಹೊಕ್ಕುತ್ತದೆ. ಎರಡು ತೊಲೆಗಳ ತುದಿಗಳನ್ನು ಅರ್ಧರ್ಧ ದಪ್ಪಕ್ಕೆ ಕೊರೆದು, ಸರಿಯಾಗಿ ಬೋದಿಗೆಯ ನಡುವೆಯೇ ಒಂದರ ಮೇಲೊಂದು ಕೂರಿಸುವುದರಿಂದ, ಜೋಡಣೆ ಎಂದೂ ಗಾಳಿಯಲ್ಲಿ ತೂಗುವುದಿಲ್ಲ. “ಮೊಳಿಗೆ ಜಂಗ ಹಿಡೀತೈತ್ರಿ, ನಾಲಿಗಿಗೆ ಏನ್ ಹಿಡೀತೈತಿ?” ಎಂದು ಅವರು ನಕ್ಕರು.

ಬೋದಿಗೆಯ ಗಿಳಿ, ಕಮಲಗಳನ್ನು ಎಲ್ಲರೂ ಫೋಟೊ ತೆಗೆಯುತ್ತಾರೆ, ಆದರೆ ನೋಡಬೇಕಾದದ್ದು ಅದರ ಉದ್ದ. ಅಲ್ಲಿ ಕಂಬಗಳ ನಡುಬಿಂದುಗಳ ಅಂತರ ಸುಮಾರು 8 ಅಡಿ, ಬೋದಿಗೆಯ ಉದ್ದ 3 ಅಡಿ. ಎರಡೂ ಕಡೆಯಿಂದ ಒಂದೂವರೆ ಅಡಿ ಚಾಚಿರುವುದರಿಂದ ತೊಲೆ ಆಸರೆಯಿಲ್ಲದೆ ದಾಟಬೇಕಾದದ್ದು 5 ಅಡಿ ಮಾತ್ರ. ಕಾಡಿನಿಂದ ಬಂದ ಸಾಗವಾನಿ ಎಷ್ಟು ಉದ್ದವಿದೆಯೆಂದು ನೋಡಿಯೇ ಬಡಿಗರು ಕಂಬಗಳ ಅಂತರವನ್ನು ನಿಶ್ಚಯಿಸುತ್ತಿದ್ದರಂತೆ. ತುಂಡುಗಳನ್ನೆಲ್ಲ ಮೊದಲು ನೆಲದ ಮೇಲೆ ಜೋಡಿಸಿ ನೋಡಿ, ಕೂಡುವ ಕಡೆಗಳಿಗೆ ಉಳಿಯಿಂದ ಒಂದೇ ಗುರುತು ಹೊಡೆದು, ಆಮೇಲೆ ಎತ್ತಿ ನಿಲ್ಲಿಸುತ್ತಿದ್ದರಂತೆ.

ಈ ಜೋಡಣೆಯನ್ನು ಬಿಗಿಯಾಗಿ ಹಿಡಿದಿರುವುದು ಮೇಲಿನ ಭಾರ. ಒಂದು ಅಡಿ ದಪ್ಪದ ಮಣ್ಣಿನ ಮಾಳಿಗೆ ಪ್ರತಿ ಚದರ ಅಡಿಗೆ 45 ಕಿಲೋದಷ್ಟು ತೂಗುತ್ತದೆ. ಅದೇ ಭಾರ ಮನೆಗೆ ಕಂಟಕವೂ ಹೌದು, ಏಕೆಂದರೆ ಸೋರಿದಾಗಲೆಲ್ಲ ಹಳೆಯದನ್ನು ತೆಗೆಯದೆ ಹೊಸ ಮಣ್ಣು ಹಾಕಿದರೆ ತೊಲೆ ನಡುವೆ ಜಗ್ಗುತ್ತದೆ. ಖಾನಾವಳಿಯ ಮೂರನೆಯ ತೊಲೆ ಹೀಗೆ ಜಗ್ಗಿ, ಅದರ ಬೋದಿಗೆಯ ತುದಿ ಎಳೆಗುಂಟ ಸೀಳಿತ್ತು. ಆದ್ದರಿಂದ ಊಟಕ್ಕೆ ಅದರ ಕೆಳಗೆ ಕೂರದೆ ಬಾಗಿಲ ಕಡೆಯ ಸಾಲಿನಲ್ಲಿ ಕುಳಿತುಕೊಳ್ಳಿ.